ಲೈನ್ ಮೇಲ್ವಿಚಾರಕರ ಗುಂಪಿಗೆ: ಕೆಲಸ ಕಡಿತದ ಗಾಳಿಸುದ್ದಿ ಕುರಿತು

ಎಲ್ಲರಿಗೂ ನಮಸ್ಕಾರ.

ನಿನ್ನೆ ಸಂಜೆ ನಾಲ್ಕನೇ ಲೈನಿನ ಹೊಲಿಗೆ ಯಂತ್ರಗಳು ಲಾರಿ ಏರಿದ್ದನ್ನು ಕಂಡು, ‘ಮುಂದಿನ ತಿಂಗಳು ಅರ್ಧ ಜನರನ್ನು ತೆಗೆಯುತ್ತಾರೆ’ ಎಂಬ ಮಾತು ರಾತ್ರಿಯೊಳಗೆ ಎಲ್ಲರ ಮೊಬೈಲ್ ತಲುಪಿದೆ. ಯಂತ್ರಗಳು ಹೋಗಿರುವುದು ದುರಸ್ತಿಗೆ, ಸೋಮವಾರ ಮರಳುತ್ತವೆ. ಆದರೆ ಜಾಕೆಟ್ ಆರ್ಡರ್ ಕಡಿಮೆಯಾಗಿರುವುದು ನಿಜ, ಈ ತಿಂಗಳು ಓವರ್‌ಟೈಮ್ ಇರುವುದಿಲ್ಲ. ಅದನ್ನು ದಯವಿಟ್ಟು ಮುಚ್ಚಿಡಬೇಡಿ. ಸಂಬಳದ ದಿನ ಗೊತ್ತಾದರೆ ನಮ್ಮ ಉಳಿದ ಮಾತನ್ನೂ ಯಾರೂ ನಂಬುವುದಿಲ್ಲ.

ಇಂದು ಕೆಲಸ ಶುರುವಾಗುವ ಮುನ್ನವೇ ನಿಮ್ಮ ಲೈನಿನವರಿಗೆ ಎದುರೆದುರು ಹೇಳಿ; ಊಟದ ಹೊತ್ತಿಗೆ ಮಾತು ಬೇರೆ ರೂಪ ತಾಳಿರುತ್ತದೆ. ‘ಯಾರ ಕೆಲಸವೂ ಹೋಗುವುದಿಲ್ಲ’ ಎಂದು ಮಾತ್ರ ಭರವಸೆ ಕೊಡಬೇಡಿ. ಮುಂದಿನ ಆರ್ಡರ್ ಗುರುವಾರ ತೀರ್ಮಾನವಾಗುತ್ತದೆ. ಅಂದು ಸಂಜೆ 5ಕ್ಕೆ, ಹೊಸ ಸುದ್ದಿ ಇರಲಿ ಬಿಡಲಿ, ನಾನೇ ಬಂದು ತಿಳಿಸುತ್ತೇನೆ.

ಕೇಳಿದವರಿಗೆ ಕಾನೂನನ್ನೂ ಹೇಳಿ: ಒಂದು ವರ್ಷ ನಿರಂತರ ಸೇವೆ ಪೂರೈಸಿದ ಕಾರ್ಮಿಕರನ್ನು ಕಡಿತ ಮಾಡಬೇಕಾದರೆ ಒಂದು ತಿಂಗಳ ಲಿಖಿತ ನೋಟಿಸ್ ಅಥವಾ ಅದರ ಬದಲು ವೇತನ, ಜೊತೆಗೆ ಸೇವೆಯ ಪ್ರತಿ ವರ್ಷಕ್ಕೆ 15 ದಿನಗಳ ಸರಾಸರಿ ವೇತನ ಕೊಡಲೇಬೇಕು.

ಸುದ್ದಿ ಹಬ್ಬಿಸಿದವರು ಯಾರೆಂದು ಹುಡುಕಬೇಡಿ. ಹೆದರಿದವರು ಬಾಯಿ ಮುಚ್ಚಿಕೊಳ್ಳುತ್ತಾರೆ, ಆಗ ನಮಗೆ ಏನೂ ತಿಳಿಯುವುದಿಲ್ಲ. ಉತ್ತರ ಗೊತ್ತಿಲ್ಲದ ಪ್ರಶ್ನೆಗಳನ್ನು ಮಧ್ಯಾಹ್ನದೊಳಗೆ ನನಗೆ ಕಳುಹಿಸಿ.