ಒಪ್ಪಂದದ ಲಾಭ ಎಲ್ಲರಿಗೂ, ಖರ್ಚು ಮಾತ್ರ ಸದಸ್ಯರಿಗೆ: ಸಂಸದರಿಗೊಂದು ಬಹಿರಂಗ ಪತ್ರ

ಮಾನ್ಯ ಸಂಸದರಿಗೆ ನಮಸ್ಕಾರಗಳು.

ನಾನೊಂದು ಕಾರ್ಖಾನೆಯ ಕಾರ್ಮಿಕ ಸಂಘದ ಖಜಾಂಚಿ. ವರ್ಷಗಟ್ಟಲೆ ರಸೀದಿ ಪುಸ್ತಕ ಹಿಡಿದು ಗೇಟಿನ ಬಳಿ ನಿಂತವನು. ಇನ್ನು ಸುಮ್ಮನಿರಲಾಗದೆ ಬರೆಯುತ್ತಿದ್ದೇನೆ.

ನಿಯಮ ನಿಮಗೆ ಗೊತ್ತೇ ಇದೆ. ಸರ್ಕಾರದ ಸಂಧಾನಾಧಿಕಾರಿಯ ಎದುರು ಸಂಘಕ್ಕೂ ಮಾಲೀಕರಿಗೂ ಆದ ಒಪ್ಪಂದ, 1947ರ ಕೈಗಾರಿಕಾ ವಿವಾದ ಕಾಯ್ದೆಯ ಕಲಂ 18(3)ರಂತೆ, ಆ ಕಾರ್ಖಾನೆಯ ಎಲ್ಲ ಕಾರ್ಮಿಕರಿಗೂ ಅನ್ವಯವಾಗುತ್ತಿತ್ತು, ಮುಂದೆ ಸೇರುವವರಿಗೂ. ಅದರ ಜಾಗಕ್ಕೆ ಬಂದಿರುವ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಇದನ್ನೇ ಉಳಿಸಿಕೊಂಡಿದೆ. ಅದು ಸರಿಯೇ. ಸದಸ್ಯರಿಗಷ್ಟೇ ಸಂಬಳ ಹೆಚ್ಚಿದರೆ ಮಾಲೀಕರು ಸದಸ್ಯರಲ್ಲದವರನ್ನೇ ಹುಡುಕಿ ಇಟ್ಟುಕೊಳ್ಳುತ್ತಾರೆ. ಆದರೆ ಒಪ್ಪಂದಕ್ಕೆ ತಗಲುವ ಖರ್ಚು ಯಾರು ಕೊಡಬೇಕು?

ಕಳೆದ ಮುಷ್ಕರದಲ್ಲಿ ನಮ್ಮವರ ಸಂಬಳ ಕಟ್ ಆಯಿತು. ಒಬ್ಬರು ಹೆಂಡತಿಯ ಬಳೆ ಅಡವಿಟ್ಟು ಮಗಳ ಫೀಸು ಕಟ್ಟಿದರು. ಅದೇ ದಿನಗಳಲ್ಲಿ ಸದಸ್ಯನಲ್ಲದ ಒಬ್ಬ ನಮ್ಮ ಕಣ್ಣೆದುರೇ ಗೇಟು ದಾಟಿ ಹಾಜರಿ ಹಾಕುತ್ತಿದ್ದ. ಒಪ್ಪಂದಕ್ಕೆ ಸಹಿ ಬಿದ್ದ ಮಾರನೆಯ ದಿನ ನನ್ನ ಹತ್ತಿರ ಬಂದು, "ಅರಿಯರ್ಸ್ ಯಾವಾಗ ಬರುತ್ತೆ ಸಾರ್?" ಅಂದ. ಚಂದಾ ಕೇಳಿದೆ. "ಕೊಟ್ಟರೂ ಅಷ್ಟೇ, ಕೊಡದಿದ್ದರೂ ಅಷ್ಟೇ ಅಲ್ವಾ" ಅಂದುಬಿಟ್ಟ. ಮೈ ಉರಿಯಿತು ಸ್ವಾಮಿ. ಆದರೆ ಅವನ ಲೆಕ್ಕದಲ್ಲಿ ತಪ್ಪಿಲ್ಲ, ನನ್ನ ಸಂಕಟ ಇರುವುದೇ ಅಲ್ಲಿ.

ಸಾವಿರ ಜನರ ಕಾರ್ಖಾನೆ, ತಿಂಗಳಿಗೆ 100 ರೂಪಾಯಿ ಚಂದಾ, ಒಪ್ಪಂದದಿಂದ ತಲಾ 2,000 ರೂಪಾಯಿ ಹೆಚ್ಚಳ ಅಂತಿಟ್ಟುಕೊಳ್ಳಿ. ಒಬ್ಬ ಚಂದಾ ನಿಲ್ಲಿಸಿದರೆ ಅವನ 2,000 ಎಲ್ಲಿಗೂ ಹೋಗುವುದಿಲ್ಲ, ಮೇಲೆ 100 ಉಳಿತಾಯ. ಹತ್ತು ಜನರಿರುವ ಕಡೆ ಕೊಡದವನು ಕಣ್ಣಿಗೆ ಬೀಳುತ್ತಾನೆ, ಸಾವಿರದಲ್ಲಿ ಬೀಳುವುದಿಲ್ಲ. 300 ಜನ ಹೀಗೇ ಲೆಕ್ಕ ಹಾಕಿದರೆ ಅದೇ ಖರ್ಚಿಗೆ ಉಳಿದವರ ಚಂದಾ ಸುಮಾರು 143ಕ್ಕೆ ಏರಬೇಕು. ಏರಿಸಿದರೆ ಇನ್ನಷ್ಟು ಜನ ಬಿಡುತ್ತಾರೆ. ಒಂದಕ್ಕಿಂತ ಹೆಚ್ಚು ಸಂಘಗಳಿರುವ ಕಡೆ ಸದಸ್ಯರು 510ಕ್ಕಿಂತ ಕೆಳಗಿಳಿದರೆ, 51 ಶೇಕಡಾ ಕೇಳುವ ನಿಮ್ಮ ಸಂಹಿತೆಯ ಪ್ರಕಾರ ಮಾಲೀಕರ ಜೊತೆ ಮಾತುಕತೆ ನಡೆಸುವ ಏಕೈಕ ಸಂಧಾನ ಸಂಘದ ಸ್ಥಾನವೂ ಹೋಗುತ್ತದೆ. ಒಪ್ಪಂದ ಬೇಡ ಎಂದವರು ಒಬ್ಬರೂ ಇಲ್ಲದೆ ಸಂಘ ಸೋಲುವುದು ಹೀಗೆ.

ನಮ್ಮ ಬೇಡಿಕೆ ಒಂದೇ. ಒಪ್ಪಂದದ ಲಾಭ ಪಡೆಯುವ ಪ್ರತಿಯೊಬ್ಬರಿಂದಲೂ ಸಂಧಾನದ ಖರ್ಚಿನ ಪಾಲು ಸಂಬಳದಲ್ಲೇ ಕಡಿತವಾಗಲಿ. ಇಂದು ಕಾರ್ಮಿಕ ಬರೆದುಕೊಡದೆ ಚಂದಾ ಕಡಿತ ಮಾಡುವಂತಿಲ್ಲ, ಆದ್ದರಿಂದ ಕಾನೂನೇ ಬದಲಾಗಬೇಕು.

ಇದು ಬಲವಂತ ಎನ್ನುತ್ತೀರಿ. ಅಮೆರಿಕದ ಸುಪ್ರೀಂ ಕೋರ್ಟ್ 1977ರಲ್ಲಿ ಸರ್ಕಾರಿ ನೌಕರರ ವಿಷಯದಲ್ಲಿ ಇಂಥ ಪಾಲನ್ನು ಒಪ್ಪಿ, 2018ರಲ್ಲಿ ಅದನ್ನೇ ರದ್ದು ಮಾಡಿದ್ದೂ ಗೊತ್ತು. ತನಗೆ ಒಪ್ಪದ ಸಂಘಕ್ಕೆ ದುಡ್ಡು ಕೊಡಬೇಕೇ ಎಂಬ ಪ್ರಶ್ನೆ ಸಣ್ಣದಲ್ಲ. ಅದಕ್ಕೇ ಯಾರನ್ನೂ ಸದಸ್ಯರಾಗಿ ಎಂದು ನಾವು ಒತ್ತಾಯಿಸುತ್ತಿಲ್ಲ. ಚುನಾವಣೆಗೆ, ರಾಜಕೀಯಕ್ಕೆ ಒಂದು ಪೈಸೆಯೂ ಬೇಡ. ಮಾತುಕತೆಯ, ವಕೀಲರ ಖರ್ಚಷ್ಟೇ ಸಾಕು, ಅದೂ ಆಡಿಟ್ ಆಗಿ ನೋಟಿಸ್ ಬೋರ್ಡಿಗೆ ಬಂದ ಲೆಕ್ಕದಂತೆ.

ನಿಮ್ಮ ಕಚೇರಿಗೆ ಕೊಟ್ಟ ಮನವಿಗಳಿಗೆಲ್ಲ "ಪರಿಶೀಲಿಸಲಾಗುವುದು" ಎಂಬ ಒಂದೇ ಉತ್ತರ ಬಂದಿದೆ. ಪರಿಶೀಲನೆ ಸಾಕು. ಲಾಭ ಪಡೆದವರು ಪಾಲು ಕೊಡಲಿ. ಸರ್ಕಾರ ತರದಿದ್ದರೆ ಮುಂದಿನ ಅಧಿವೇಶನದಲ್ಲಿ ನೀವೇ ಖಾಸಗಿ ಮಸೂದೆ ಮಂಡಿಸಿ. ಆಗದಿದ್ದರೆ ಆಗದು ಎಂದು ನಮ್ಮ ಗೇಟಿಗೆ ಬಂದು ಹೇಳಿ.

ಇಂತಿ,
ಒಬ್ಬ ಕಾರ್ಮಿಕ ಸಂಘದ ಖಜಾಂಚಿ