ಫೋಟೋದ ಹಿಂದಿದ್ದ ಪೇಪರು

ಲೈಪ್‌ಜಿಗ್
ನವೆಂಬರ್, ಭಾನುವಾರ

ಪ್ರೀತಿಯ ಅವ್ವಾ,

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ನಡುವೆಯೇ "ಹಳೇ ಮಾತು ಬಿಡವಾ" ಅಂತೀಯ, ನಾನೂ ಸುಮ್ಮನಾಗಿಬಿಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ. ಅಣ್ಣನಿಗೆ ಹೇಳಿ ಪ್ರಿಂಟ್ ತೆಗೆಸಿಕೋ, ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದು. ಇಲ್ಲಿ ನಾಲ್ಕೂವರೆಗೇ ಕತ್ತಲಾಗಿದೆ, ಹೊರಗೆ ಹೋಗುವ ಕೆಲಸವಿಲ್ಲ, ಬರೆಯಲು ಬೇಕಾದಷ್ಟು ಹೊತ್ತಿದೆ.

ಬೆಟಗೇರಿ ಮನೆಯ ಫೋಟೋದ ವಿಷಯ. ಮಾಮಾ ಮನೆ ಬಿಚ್ಚಿಸುವಾಗ ನಿನಗೆ ತಂದು ಕೊಟ್ಟಿದ್ದು, ಕಳೆದ ಸಲ ನಾನು ಹುಬ್ಬಳ್ಳಿಗೆ ಬಂದಾಗ ನೀನು ನಿನ್ನ ಹಳೇ ಸೀರೆಯಲ್ಲಿ ಸುತ್ತಿ ನನ್ನ ಬ್ಯಾಗಿಗೆ ಇಟ್ಟೆಯಲ್ಲ, ಅದು. ಗಾಜು ಒಡೆದಿತ್ತು, ಚೌಕಟ್ಟಿನ ಒಂದು ಮೂಲೆಗೆ ಗೆದ್ದಲು ಹತ್ತಿತ್ತು, ಅಲ್ಲಿ ಯಾರಾದರೂ ಸರಿ ಮಾಡುವವರಿದ್ದರೆ ನೋಡು ಅಂದಿದ್ದೆ. ಇಲ್ಲೊಂದು ಗ್ರಂಥಾಲಯದಲ್ಲಿ ಹಳೇ ಕಾಗದ ದುರಸ್ತಿ ಮಾಡುವ ಗೆಳತಿ ಇದ್ದಾಳೆ. ಹೋದ ಶನಿವಾರ ಅವಳ ಮನೆಯ ಟೇಬಲ್ಲಿನ ಮೇಲೆ ಬಿಳಿ ಬಟ್ಟೆ ಹಾಸಿ ಇಬ್ಬರೂ ಕೂತು ಚೌಕಟ್ಟು ಬಿಚ್ಚಿದೆವು.

ಆ ಫೋಟೋ ನಿನಗೆ ಬಾಯಿಪಾಠ. ಏಕೀಕರಣದ ವರ್ಷ, 1956ರಲ್ಲಿ, ಅಂಗಳದಲ್ಲಿ ನಿಲ್ಲಿಸಿ ತೆಗೆಸಿದ್ದು. ಹಿಂದೆ ಮಗ್ಗದ ಕೋಣೆಯ ಬಾಗಿಲು. ನಡುವೆ ಕುರ್ಚಿಯ ಮೇಲೆ ಮುತ್ತ್ಯಾ, ಪಕ್ಕದಲ್ಲಿ ಆಯಿ. ಎಡಗಡೆ ಮೂರು ವರ್ಷದ ನೀನು, ಹಣೆಗೆ ದೊಡ್ಡ ಕಾಡಿಗೆ ಬೊಟ್ಟು. ನಿನ್ನ ಪಕ್ಕದಲ್ಲಿ, ತುದಿಗೆ, ಆ ತೂತು. ಮನುಷ್ಯರ ಆಕಾರದ ತೂತು. ಅಲ್ಲಿ ಮುತ್ತ್ಯಾನ ಮಗಳು, ನಿನ್ನ ಅತ್ತಿ ನಿಂತಿದ್ದಳು. ಮಾರನೇ ವರ್ಷ ಅವಳು ಗಿರಣಿ ಕೆಲಸದವನೊಬ್ಬನ ಜೊತೆ ಸೊಲ್ಲಾಪುರಕ್ಕೆ ಹೋದಳು, ಮುತ್ತ್ಯಾ ಸಿಟ್ಟಿನಲ್ಲಿ ಕತ್ತರಿ ಹಿಡಿದು ಅವಳನ್ನು ಫೋಟೋದಿಂದ ತೆಗೆದುಹಾಕಿದ. ನಮಗೆ ಗೊತ್ತಿದ್ದ ಕತೆ ಇಷ್ಟೇ. ನಾನು ಸಣ್ಣವಳಿದ್ದಾಗ ಆ ಗೋಡೆಯ ಮುಂದೆ ಹೋಗಲು ಹೆದರುತ್ತಿದ್ದೆ ಗೊತ್ತಾ? ಮನೆಯವರಿಗೆ ಸಿಟ್ಟು ಬಂದರೆ ನನ್ನನ್ನೂ ಹಾಗೇ ಕತ್ತರಿಸಿಬಿಡುತ್ತಾರೆ ಅನ್ನಿಸುತ್ತಿತ್ತು.

ಅವ್ವಾ, ಮುತ್ತ್ಯಾ ಅದನ್ನು ಕತ್ತರಿಸಿಲ್ಲ.

ಹೇಗೆ ಅಂತ ಒಂದೊಂದಾಗಿ ಹೇಳುತ್ತೇನೆ, ನೀನೇ ತೂಗಿ ನೋಡು.

ಚೌಕಟ್ಟಿನ ಹಿಂದೆ ರಟ್ಟನ್ನು ಸಣ್ಣ ಮೊಳೆಗಳಿಂದ ಹೊಡೆದಿದ್ದರು. ಪ್ರತಿ ಮೊಳೆಯ ಪಕ್ಕದಲ್ಲೂ ಇನ್ನೊಂದು ಹಳೇ ಮೊಳೆಯ ಖಾಲಿ ತೂತು ಇದೆ. ಅಂದರೆ ಚೌಕಟ್ಟನ್ನು ಒಮ್ಮೆ ಬಿಚ್ಚಿ ಮತ್ತೆ ಹೊಡೆದಿದ್ದಾರೆ. ರಟ್ಟು ತೆಗೆದರೆ ಅದಕ್ಕೂ ಫೋಟೋಕ್ಕೂ ನಡುವೆ ಮಡಿಚಿಟ್ಟ ಪೇಪರಿನ ಹಾಳೆ. ಸಂಯುಕ್ತ ಕರ್ನಾಟಕ. ಮೇಲೆ ತಾರೀಖು ಸ್ಪಷ್ಟವಾಗಿದೆ, 1963ರ ಜುಲೈ. ಆ ಹಾಳೆಯ ಮೇಲೆ ಒಬ್ಬ ಹೆಂಗಸಿನ ಆಕಾರ ಮೂಡಿದೆ. ಬರೆದಿದ್ದಲ್ಲ, ಬೆಳಕು ಬಿದ್ದು ಆಗಿದ್ದು. ಪೇಪರಿನ ಅಗ್ಗದ ಕಾಗದಕ್ಕೆ ಬೆಳಕು ತಾಗಿದರೆ ಅದು ಹಳದಿಯಾಗಿ ಕಂದಾಗುತ್ತದೆ. ಕಿಟಕಿ ಹತ್ತಿರ ಬಿಟ್ಟ ಪೇಪರ್ ಹೇಗಾಗುತ್ತದೆ ನೋಡಿದ್ದೀಯಲ್ಲ, ಹಾಗೆ. ಫೋಟೋ ಮುಚ್ಚಿದ ಕಡೆ ಹಾಳೆಗೆ ತೆಳು ಬಣ್ಣ, ತೂತಿದ್ದ ಕಡೆ ಮಾತ್ರ ಬೆಲ್ಲದ ಬಣ್ಣ. ತುರುಬು, ಇಳಿಜಾರು ಭುಜ, ಸೊಂಟದ ಮೇಲಿಟ್ಟ ಒಂದು ಕೈ, ಕೆಳಗೆ ಸೀರೆಯ ನಿರಿಗೆಗಳ ಅಗಲ.

ನಾನು ತಕ್ಷಣ 1963ರಲ್ಲಿ ಕತ್ತರಿಸಿದ್ದು ಅಂದೆ. ಗೆಳತಿ ತಡೆದಳು. ಹಳೇ ಪೇಪರನ್ನು ಯಾರು ಯಾವಾಗ ಬೇಕಾದರೂ ಇಡಬಹುದು, ತಾರೀಖು ಹೇಳುವುದು "ಇದಕ್ಕಿಂತ ಮುಂಚೆ ಇಟ್ಟಿಲ್ಲ" ಅನ್ನೋದನ್ನು ಮಾತ್ರ ಅಂದಳು. ಮತ್ತೆ, 1957ರಲ್ಲೇ ಕತ್ತರಿಸಿ, ಆರು ವರ್ಷ ಆದ ಮೇಲೆ ಪೇಪರ್ ಇಟ್ಟಿರಬಹುದಲ್ಲ? ಸರಿಯಾದ ಪ್ರಶ್ನೆ. ಅದಕ್ಕೆ ಉತ್ತರ ಕೊಟ್ಟಿದ್ದು ರಟ್ಟು. ಪೇಪರ್ ಇಡುವ ಮೊದಲೇ ತೂತು ಇದ್ದಿದ್ದರೆ ಅಷ್ಟೂ ವರ್ಷ ಬೆಳಕು ರಟ್ಟಿನ ಮೇಲೆ ಬೀಳಬೇಕಿತ್ತು, ಅಲ್ಲೂ ಆಕಾರ ಮೂಡಬೇಕಿತ್ತು. ರಟ್ಟಿನ ಮೇಲೆ ಏನೂ ಇಲ್ಲ. ಕಿಟಕಿ ಹತ್ತಿರ ಒಯ್ದು ತಿರುಗಿಸಿ ತಿರುಗಿಸಿ ನೋಡಿದೆವು, ಎಲ್ಲ ಕಡೆ ಒಂದೇ ಬಣ್ಣ. ಅಂದರೆ ಪೇಪರ್ ಇಟ್ಟಾಗಲೋ ಅದಾದ ಮೇಲೋ ಕತ್ತರಿಸಿದ್ದಾರೆ. ಏನೇ ಆದರೂ 1963ರ ಜುಲೈಗಿಂತ ಮುಂಚೆ ಅಲ್ಲ.

ಮುತ್ತ್ಯಾ ತೀರಿಕೊಂಡಿದ್ದು 1961ರಲ್ಲಿ. ನೀನೇ ಎಷ್ಟು ಸಲ ಹೇಳಿಲ್ಲ, ನಿನಗೆ ಎಂಟು ವರ್ಷ, ಮಗ್ಗಕ್ಕೆ ಹಾಸು ಹಾಕಿದ್ದು ಹಾಗೇ ಇತ್ತು, ಆ ಸೀರೆಯನ್ನು ಅಜ್ಜ ಮುಗಿಸಿದ ಅಂತ.

ಅವ್ವಾ, ಇಷ್ಟು ವರ್ಷ ನಾವು ಆ ಮನುಷ್ಯನ ಮೇಲೆ ಹೊರಿಸಿದ್ದು ಅವನು ಮಾಡದೇ ಇದ್ದ ಕೆಲಸ. ಅವನು ಮಗಳ ಜೊತೆ ಮಾತು ಬಿಟ್ಟಿದ್ದು ನಿಜ ಇರಬಹುದು. ಆದರೆ ಮಗಳಿದ್ದ ಫೋಟೋವನ್ನು ಸಾಯುವವರೆಗೂ ಗೋಡೆಯಿಂದ ಇಳಿಸಿರಲಿಲ್ಲ. ಆ ಶನಿವಾರ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇನ್ನು ಕತ್ತರಿಸಿದ ರೀತಿ. ಫೋಟೋ ಎಂಟು ಇಂಚು ಅಗಲ, ಆರು ಇಂಚು ಎತ್ತರ. ಅತ್ತಿ ನಿಂತಿದ್ದು ತುದಿಯಲ್ಲಿ, ಅವಳಾಚೆ ಬಾಗಿಲ ಚೌಕಟ್ಟು ಒಂದು ಬೆರಳಿನಷ್ಟು ಕಾಣುತ್ತದೆ, ಅಷ್ಟೇ. ಅವಳು ಬೇಡ ಅಂತಿದ್ದರೆ ಮೇಲಿಂದ ಕೆಳಗೆ ಒಂದೇ ನೇರ ಕತ್ತರಿ ಸಾಕಿತ್ತು. ಫೋಟೋ ಸ್ವಲ್ಪ ಸಣ್ಣದಾಗುತ್ತಿತ್ತು, ಅಲ್ಲಿ ಒಬ್ಬಳು ಇದ್ದಳು ಅಂತ ನಮ್ಮ ಕಾಲಕ್ಕೆ ಯಾರಿಗೂ ಗೊತ್ತಾಗುತ್ತಲೂ ಇರಲಿಲ್ಲ. ಇವರು ಹಾಗೆ ಮಾಡಿಲ್ಲ. ಕೆಳಗಿನ ಅಂಚಿನಿಂದ ಒಳಗೆ ಬಂದು, ನಿರಿಗೆ ಹಿಡಿದು ಮೇಲೆ ಹೋಗಿ, ತುರುಬು ಸುತ್ತಿ ಇಳಿದಿದ್ದಾರೆ. ಪಕ್ಕದಿಂದ ಬ್ಯಾಟರಿ ಬೆಳಕು ಬಿಟ್ಟು ಭೂತಗನ್ನಡಿಯಲ್ಲಿ ನೋಡಿದರೆ ಕತ್ತರಿಯ ಹೆಜ್ಜೆಗಳು ಎಣಿಸುವ ಹಾಗೆ ಕಾಣುತ್ತವೆ. ಹೆಜ್ಜೆ ತುಂಬ ಗಿಡ್ಡ, ಅಂದರೆ ಸಣ್ಣ ಬಾಯಿಯ ಕತ್ತರಿ. ಸೀರೆಯ ಮೇಲೆ ಎದ್ದ ಎಳೆ ಕತ್ತರಿಸಲು ಮಗ್ಗದ ಹತ್ತಿರ ಇರುತ್ತಿತ್ತಲ್ಲ, ಅಂಥದ್ದು. ಒಂದೇ ಕಡೆ ತಪ್ಪಿದೆ. ಮೊಣಕೈ ತುದಿಯಲ್ಲಿ ತಿರುಗುವಾಗ ಕತ್ತರಿ ಒಂದೆಳೆ ಜಾಸ್ತಿ ಮುಂದೆ ಹೋಗಿದೆ, ಅದೂ ಹೊರಗಡೆ, ಗೋಡೆಯ ಕಡೆಗೆ.

ಈಗ ನಿನ್ನ ವಿಷಯ. ಫೋಟೋದಲ್ಲಿ ನಿನ್ನ ಒಂದು ಕೈ ಸರಿಯಾಗಿ ಮೂಡಿಲ್ಲ, ಅಲುಗಾಡಿಬಿಟ್ಟೆ ಅಂತ ಎಲ್ಲರೂ ನಗುತ್ತಿದ್ದರಲ್ಲ? ನೀನು ಅಲುಗಾಡಿಲ್ಲ. ನಿನ್ನ ಆ ಕೈ ಮಣಿಕಟ್ಟಿನವರೆಗೆ ಚೆನ್ನಾಗಿ ಮೂಡಿದೆ, ಬಳೆ ಕೂಡ ಕಾಣುತ್ತದೆ. ಅಲ್ಲಿಂದ ಮುಂದೆ ಇಲ್ಲ. ಕತ್ತರಿ ಅಲ್ಲಿ ಹಾದುಹೋಗಿದೆ. ನೀನು ಅತ್ತಿಯ ನಿರಿಗೆ ಹಿಡಿದುಕೊಂಡಿದ್ದೆ. ಅವಳನ್ನು ತೆಗೆದು ಬಿಸಾಡಲು ಕತ್ತರಿಸುವವರು, ಉಳಿಯುವ ಮಗುವಿನ ಬೆರಳು ಉಳಿಸಲು ನೋಡುತ್ತಾರೆ, ಸೀರೆಯ ಕಡೆ ಒಂದಿಷ್ಟು ಹರಿದರೆ ಏನು ಅಂತ. ಇಲ್ಲಿ ತಿರುವುಮುರುವು. ಸೀರೆ ಪೂರ್ತಿ ಉಳಿಯಲಿ ಅಂತ ನಿನ್ನ ಬೆರಳುಗಳನ್ನು ಅವಳ ಜೊತೆಗೇ ಕೊಟ್ಟಿದ್ದಾರೆ. ಕತ್ತರಿಸಿದವರಿಗೆ ಬೇಕಾಗಿದ್ದು ಅತ್ತಿ.

ಯಾರು? ಇದಕ್ಕೆ ಕಾಗದದಲ್ಲಿ ಉತ್ತರವಿಲ್ಲ, ನಿನ್ನ ಮಾತಿನಲ್ಲಿದೆ. ನೀನು ನಾಲ್ಕನೇ ಇಯತ್ತೆಯಲ್ಲಿದ್ದಾಗ ಒಂದು ಮಧ್ಯಾಹ್ನ ಕಾರ್ಡ್ ಬಂತು, ಆಯಿಗೆ ಓದಲು ಬರದಿದ್ದಕ್ಕೆ ಪಕ್ಕದ ಮನೆಯ ಮಾಸ್ತರರ ಹತ್ತಿರ ಓದಿಸಿಕೊಂಡಳು, ಬಂದವಳೇ ಹೊತ್ತಲ್ಲದ ಹೊತ್ತಿನಲ್ಲಿ ತಲೆ ಮೇಲೆ ತಣ್ಣೀರು ಸುರಿದುಕೊಂಡಳು, ಯಾರು ಕೇಳಿದರೂ ಸೆಕೆ ಅಂದಳು, ಮಳೆಗಾಲದಲ್ಲಿ ಎಂಥ ಸೆಕೆ ಅಂತ ನಿಮ್ಮವ್ವ ಬೈದಳು. ಇದನ್ನು ನೀನು ಆಯಿಯ ಮೊಂಡುತನಕ್ಕೆ ಉದಾಹರಣೆಯಾಗಿ ಹೇಳುತ್ತಿದ್ದೆ. ನಾಲ್ಕನೇ ಇಯತ್ತೆ, ಮಳೆಗಾಲ. ಲೆಕ್ಕ ಹಾಕು ಅವ್ವಾ. ನಿನಗೆ ಹತ್ತು ವರ್ಷ. 1963.

ಸತ್ತ ಸುದ್ದಿ ಬಂದರೆ ಅಲ್ವಾ ತಲೆಗೆ ನೀರು ಹಾಕಿಕೊಳ್ಳುವುದು?

ಹೆಸರೆತ್ತಬಾರದ ಮಗಳಿಗಾಗಿ ಆ ಮನೆಯಲ್ಲಿ ಬಾಯಿಬಿಟ್ಟು ಅಳಲು ಆಯಿಗೆ ಆಗಲಿಲ್ಲ. ಮಗಳ ಮುಖ ಇದ್ದಿದ್ದು ಆ ಒಂದೇ ಫೋಟೋದಲ್ಲಿ, ಅದು ಗೋಡೆಯ ಮೇಲೆ ಎತ್ತರದಲ್ಲಿ, ಹತ್ತು ಜನರ ನಡುವೆ. ಆಮೇಲೆ ಫೋಟೋ ತೂತಿನೊಂದಿಗೇ ಮತ್ತೆ ಗೋಡೆಗೆ ಹೋಯಿತು. ಅಜ್ಜ ಇಳಿಸಲು ಹೋದಾಗಲೆಲ್ಲ ಆಯಿ ಬಿಡುತ್ತಿರಲಿಲ್ಲ ಅಂದಿದ್ದೆ. ಮುತ್ತ್ಯಾ ಕತ್ತರಿಸಿದ ಅನ್ನುವ ಮಾತು ಯಾರಿಂದ ಹುಟ್ಟಿತೋ. ಆಯಿ ಅದನ್ನು ಅಲ್ಲಗಳೆಯಲಿಲ್ಲ ಅಂತ ಕಾಣುತ್ತದೆ. ಇದೊಂದು ನನಗೆ ಸಂಕಟ ಕೊಡುತ್ತದೆ, ಆದರೆ ಅವಳನ್ನು ಬೈಯಲು ಮನಸ್ಸು ಬರುವುದಿಲ್ಲ.

ಈಗ ನಿನಗೊಂದು ಕೆಲಸ. ಆಯಿಯ ಎಲೆಅಡಿಕೆ ಸಂಚಿ ನಿನ್ನ ಟ್ರಂಕಿನ ತಳದಲ್ಲಿದೆಯಲ್ಲ, ಅದರ ಎಲ್ಲ ಜೇಬುಗಳನ್ನೂ ನೋಡು, ಹೊಲಿಗೆ ಹಾಕಿದ ಜೇಬು ಇದ್ದರೆ ಮೆಲ್ಲಗೆ ಮುಟ್ಟಿ ನೋಡು. ಚೂರು ನನ್ನ ತೋರುಬೆರಳಿಗಿಂತ ಸ್ವಲ್ಪ ಉದ್ದ ಇರಬೇಕು, ದಪ್ಪ ಕಾಗದ. ಅಲ್ಲಿ ಇಲ್ಲದಿದ್ದರೆ ಮಾಮಾನ ಮನೆಯ ಜಗಲಿಯ ಮೇಲಿರುವ ಹಳೇ ದೇವರ ಫೋಟೋಗಳ ಹಿಂದೆ ನೋಡಲು ಹೇಳು. ಸಿಕ್ಕರೆ ಅಂಚು ಹಿಡಿದು ಎತ್ತು, ಮುಖದ ಮೇಲೆ ಬೆರಳಿಡಬೇಡ. ಗಾಜಿಗೋ ಬಟ್ಟೆಗೋ ಅಂಟಿದ್ದರೆ ಕೀಳಲೇಬೇಡ, ನೀರು ಹಚ್ಚಿ ಬಿಡಿಸಲೂ ಹೋಗಬೇಡ. ಹಳೇ ಫೋಟೋದ ಮೇಲಿನ ಪದರ ಸರೇಸಿನಂಥದ್ದು, ಒದ್ದೆಯಾದರೆ ಮೆತ್ತಗಾಗಿ ಚಿತ್ರ ಸಮೇತ ಎದ್ದು ಬರುತ್ತದೆ. ಅಂಟಿದ ಹಾಗೇ ಇರಲಿ. ಅಣ್ಣ ಉತ್ಸಾಹದಲ್ಲಿ ಫೆವಿಕಾಲೋ ಟೇಪೋ ಹಚ್ಚಲು ಬಂದರೆ ಬೇಡ ಅನ್ನು. ಬಿಳಿ ಕಾಗದದ ಮಡಿಕೆಯೊಳಗಿಟ್ಟು, ಪ್ಲಾಸ್ಟಿಕ್ ಚೀಲ ಬೇಡ, ಪುಸ್ತಕದ ನಡುವೆ ಇಡು. ಮೊಬೈಲಿನಲ್ಲಿ ಒಂದು ಫೋಟೋ ತೆಗೆದು ಕಳಿಸು. ನಿನ್ನ ಬೆರಳು ಅವಳ ನಿರಿಗೆಯಲ್ಲಿ ಇವೆಯೋ ಇಲ್ಲವೋ ಅಂತ ಮೊದಲು ಅದನ್ನೇ ನೋಡುತ್ತೇನೆ.

ಪೇಪರ್ ಹಾಳೆಯನ್ನು ಬಿಸಾಡಿಲ್ಲ, ಬೇರೆ ಲಕೋಟೆಯಲ್ಲಿ ಜೋಪಾನವಾಗಿ ಇಟ್ಟಿದ್ದೇನೆ. ಅದರ ಚಿತ್ರ ಇದರ ಜೊತೆ ಕಳಿಸುತ್ತಿದ್ದೇನೆ. ಬಿಪಿ ಗುಳಿಗೆ ಮರೆಯಬೇಡ. ಮಾಮಾನಿಗೆ ಇದನ್ನೆಲ್ಲ ನೀನೇ ಓದಿ ಹೇಳು, ನಾನು ಫೋನಿನಲ್ಲಿ ಹೇಳಿದರೆ ಅವನಿಗೆ ಅರ್ಧ ಕೇಳಿಸುವುದಿಲ್ಲ.

ಫೋಟೋ ಇಡುವ ಲಕೋಟೆಯ ಮೇಲೆ ಎಡದಿಂದ ಬಲಕ್ಕೆ ಎಲ್ಲರ ಹೆಸರು ಪೆನ್ಸಿಲಿನಲ್ಲಿ ಬರೆಯುತ್ತಿದ್ದೇನೆ. ಹನ್ನೊಂದು ಜನರಲ್ಲಿ ಹತ್ತು ಹೆಸರು ಬರೆದೆ. ಮೊದಲನೇದು ಖಾಲಿ ಇದೆ. ಹುಟ್ಟಿದಾಗಿನಿಂದ ಅತ್ತಿ ಅಂತಲೇ ಕೇಳಿದ್ದೇನೆ. ಅವಳ ಹೆಸರೇನವ್ವಾ?

ನಿನ್ನ ಮಗಳು