ಸೀಮಂತದ ರವಿಕೆ ಮೇಲಿನ ಕಲೆ

ಪ್ರೀತಿಯ ವೀಣಾ,

ಸೀಮಂತದ ದಿನ ರೇಷ್ಮೆ ರವಿಕೆ ಮೇಲೆ ಬಿಲ್ಲೆಯಷ್ಟು ಕಲೆ ಕಂಡಿತು ಅಂತ ನಿನ್ನೆ ಫೋನಿನಲ್ಲಿ ಪಿಸುಗುಟ್ಟಿದೆಯಲ್ಲ. ಪಕ್ಕದಲ್ಲಿ ನಿಮ್ಮತ್ತೆ ಇದ್ದರು ಅನ್ನಿಸುತ್ತೆ, ಮಾತು ಅರ್ಧಕ್ಕೇ ನಿಂತಿತು. ಅದಕ್ಕೇ ಬರೆಯುತ್ತಿದ್ದೇನೆ. ಬೇರೆ ಬಸುರಿಯರಿಗೂ ಬೇಕಾಗುತ್ತೆ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತೇನೆ. ಹೆಸರು ಬದಲಿಸಿದ್ದೇನೆ, ಬೈಯಬೇಡ!

ಅದು ಗಿಣ್ಣು ಕಣೇ. ಹಸು ಕರು ಹಾಕಿದಾಗ ಮೊದಲು ಬರುತ್ತಲ್ಲ, ನಮ್ಮಲ್ಲೂ ಅದೇ. ನಾಲ್ಕು ಐದನೇ ತಿಂಗಳಿಂದಲೇ ಮೊಲೆ ಇದನ್ನು ಮಾಡಿಕೊಳ್ಳಲು ಶುರುಮಾಡುತ್ತೆ. ಹಳದಿ ಬಣ್ಣ, ಅಂಟಂಟು, ಒಣಗಿದರೆ ತೊಟ್ಟಿನ ಮೇಲೆ ಸಣ್ಣ ಹೊಪ್ಪಳೆ. ಹೆರಿಗೆಯಾಗಿ ಕಸ ಬಿದ್ದ ಮೇಲೆ ಪ್ರೊಜೆಸ್ಟರಾನ್ ಹಾರ್ಮೋನು ಇಳಿಯುತ್ತೆ, ಆಮೇಲೆ ಎರಡು ಮೂರು ದಿನಕ್ಕೆ ಹಾಲು ತುಂಬಿಕೊಳ್ಳುತ್ತೆ. ಈಗ ಸೋರಿದರೆ ಮುಂದೆ ಹಾಲು ಜಾಸ್ತಿ, ಸೋರದಿದ್ದರೆ ಕಡಿಮೆ ಅನ್ನೋದು ಸುಳ್ಳು. ನನಗೆ ಒಂದು ಹನಿಯೂ ಸೋರಲಿಲ್ಲ, ಮಗಳು ಒಂದೂವರೆ ವರ್ಷ ಕುಡಿದಳು.

ಬರುತ್ತಾ ಅಂತ ಹಿಂಡಿ ನೋಡಬೇಡ. ತೊಟ್ಟನ್ನು ಕೆಣಕಿದರೆ ಗರ್ಭಕೋಶ ಬಿಗಿಯಬಹುದು. ಹಳೇ ಹತ್ತಿ ಪಂಚೆ ಕತ್ತರಿಸಿ ಮೂರು ಪದರ ಮಡಚಿ ಒಳಗಿಟ್ಟುಕೋ, ಒದ್ದೆಯಾದ ಕೂಡಲೇ ಬದಲಿಸು. ಹೊಪ್ಪಳೆಯನ್ನು ಉಗುರಲ್ಲಿ ಕೀಳದೆ ಬೆಚ್ಚಗಿನ ನೀರಲ್ಲಿ ನೆನೆಸಿ ತೆಗೆ. ರಕ್ತ ಕಂಡರೆ, ಗಂಟು ಸಿಕ್ಕರೆ, ಒಂದು ಕಡೆ ಕೆಂಪಾಗಿ ಬಿಸಿಯಾಗಿ ಜ್ವರ ಬಂದರೆ ಮಾತ್ರ ಕಾಯದೆ ಡಾಕ್ಟರಿಗೆ ತೋರಿಸು.

ತೊಟ್ಟು, ಸುತ್ತಲ ವೃತ್ತ ಕಪ್ಪಾಗಿದ್ದಕ್ಕೆ ನಿಂಬೆಹಣ್ಣು, ಕಡಲೆಹಿಟ್ಟು ಉಜ್ಜುತ್ತಿದ್ದೀಯಂತೆ. ಮೊದಲು ನಿಲ್ಲಿಸು. ಅದು ಕೊಳೆಯಲ್ಲ, ಹಾರ್ಮೋನಿಂದ ಬಂದ ಬಣ್ಣ. ಹೊಟ್ಟೆ ಮೇಲೆ ಕಪ್ಪು ಗೆರೆ ಮೂಡಿದೆಯಲ್ಲ, ಅದೂ ಇದರ ತಂಗಿಯೇ. ಹೆರಿಗೆಯಾಗಿ ಕೆಲವು ತಿಂಗಳಿಗೆ ತಿಳಿಯಾಗುತ್ತೆ, ಪೂರ್ತಿ ಹೋಗದೆಯೂ ಇರಬಹುದು. ವೃತ್ತದಲ್ಲಿ ಸಾಸಿವೆಯಂಥ ಗುಳ್ಳೆಗಳೂ ಎದ್ದಿರಬೇಕು. ತೊಟ್ಟು ಒಡೆಯದ ಹಾಗೆ ಎಣ್ಣೆ ಬಿಡುವ ಗ್ರಂಥಿಗಳು ಅವು. ಸೋಪು ಹಾಕಿ ತಿಕ್ಕಿದರೆ ಆ ಎಣ್ಣೆಯೇ ಹೋಗುತ್ತೆ. ಬರೀ ನೀರು ಸಾಕು.

ಇನ್ನು ಬ್ರಾ ವಿಷಯ. ಇಲ್ಲಿ ನಾನು ದುಡ್ಡು ಕಳಕೊಂಡವಳು, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ. ಐದನೇ ತಿಂಗಳಲ್ಲಿ ಅಂಗಡಿಯವಳು "ಹಾಲು ಕುಡಿಸೋಕೂ ಆಗುತ್ತೆ" ಅಂದಳು ಅಂತ ಒಂದೇ ಸಲಕ್ಕೆ ನಾಲ್ಕು ತಂದೆ. ಒಂಬತ್ತರ ಹೊತ್ತಿಗೆ ಒಂದೂ ಹಿಡಿಸಲಿಲ್ಲ. ಬಸುರಿಯಲ್ಲಿ ಮೊಲೆ ಮಾತ್ರ ಅಲ್ಲ, ಪಕ್ಕೆಲುಬಿನ ಗೂಡೂ ಅಗಲವಾಗುತ್ತೆ ಅನ್ನೋದು ನನಗೆ ಗೊತ್ತಿರಲಿಲ್ಲ.

ಆಮೇಲೆ ಟೈಲರ್ ಟೇಪು ಹಿಡಿದು ನಾನೇ ಅಳೆದೆ. ಮೊಲೆಯ ಕೆಳಗೆ ಬಿಗಿಯಾಗಿ ಸುತ್ತಿದರೆ 36 ಇಂಚು. ತೊಟ್ಟಿನ ಮೇಲೆ ಸಡಿಲವಾಗಿ ಸುತ್ತಿದರೆ 40. ಮೊದಲನೆಯದು ಪಟ್ಟಿಯ ಅಳತೆ. ಎರಡರ ನಡುವಿನ ಅಂತರ ಕಪ್ಪಿನದು: 1 ಇಂಚಿಗೆ ಎ, 2ಕ್ಕೆ ಬಿ, 3ಕ್ಕೆ ಸಿ, 4ಕ್ಕೆ ಡಿ. ಅಂದರೆ ನನಗೆ ಬೇಕಿದ್ದದ್ದು 36 ಡಿ. ಹಾಕಿಕೊಂಡು ಒದ್ದಾಡುತ್ತಿದ್ದದ್ದು 34 ಬಿ! ಕಂಪನಿಯಿಂದ ಕಂಪನಿಗೆ ಸ್ವಲ್ಪ ಆಚೀಚೆ ಆಗುತ್ತೆ, ಹಾಕಿ ನೋಡದೆ ತರಬೇಡ.

ಹಾಕಿದಾಗ ಕನ್ನಡಿಗೆ ಬೆನ್ನು ಮಾಡಿ ನೋಡು. ಹಿಂದಿನ ಪಟ್ಟಿ ಮೇಲಕ್ಕೆ ಏರಿದ್ದರೆ ಅದು ಸಡಿಲ. ಭಾರವೆಲ್ಲ ಹೆಗಲಿಗೆ ಬಿದ್ದು ಗೀರು ಮೂಡುತ್ತೆ. ಪಟ್ಟಿಯ ಕೆಳಗೆ ಎರಡು ಬೆರಳು ಹೋಗಬೇಕು, ಅಷ್ಟೇ. ಕಪ್ಪಿನ ಅಂಚಿನಿಂದ ಮಾಂಸ ಉಕ್ಕಿದರೆ ಕಪ್ಪು ಚಿಕ್ಕದು. ತಂತಿ ಇರುವುದು ಬೇಡ. ದಿನದಿನಕ್ಕೂ ಅಳತೆ ಬದಲಾಗುವಾಗ ಅದು ಎಲ್ಲಿ ಒತ್ತುತ್ತೆ ಹೇಳೋಕಾಗಲ್ಲ. ರಾತ್ರಿ ನೋವಿದ್ದರೆ ಮೆತ್ತನೆ ಹತ್ತಿಯದು ಹಾಕಿಕೊಂಡು ಮಲಗು, ಬೇಡ ಅನ್ನಿಸಿದರೆ ಬಿಡು.

ಹುಕ್ಕಿನ ಲೆಕ್ಕ ಗಮನಿಸು. ಈಗ ತರುವ ಬ್ರಾ ಅತಿ ಬಿಗಿ ಹುಕ್ಕಿನಲ್ಲಿ ಸರಿಹೋಗಬೇಕು, ಮುಂದೆ ಸಡಿಲಿಸೋಕೆ ಜಾಗ ಇರಲಿ. ಹಾಲು ಕುಡಿಸುವ ಬ್ರಾ ತರೋದು ಒಂಬತ್ತರಲ್ಲಿ. ಅದು ಉಲ್ಟಾ: ಅತಿ ಸಡಿಲ ಹುಕ್ಕಿನಲ್ಲಿ ಸರಿಹೋಗಬೇಕು, ಯಾಕೆಂದರೆ ಹೆರಿಗೆ ಆದ ಮೇಲೆ ಗೂಡು ಕುಗ್ಗುತ್ತೆ. ಕಪ್ಪಿನಲ್ಲಿ ಮಾತ್ರ ಸ್ವಲ್ಪ ಜಾಗ ಇರಲಿ, ಹಾಲು ತುಂಬಿದಾಗ ಬೇಕು. ಎರಡೇ ತಾ. ಪಟ್ಟಿ ಮಾತ್ರ ಬಿಗಿ ಅಂದರೆ ಹುಕ್ಕಿನ ಎಕ್ಸ್‌ಟೆಂಡರ್ ಸಿಗುತ್ತೆ, ಫ್ಯಾನ್ಸಿ ಸ್ಟೋರಿನಲ್ಲಿ ಕೇಳು.

ಟೇಪು ಇಲ್ಲದಿದ್ದರೆ ದಾರ ಸುತ್ತಿ ಸ್ಕೇಲಿಗೆ ಹಿಡಿ. ಆ ಎರಡು ಅಂಕಿ ಇವತ್ತೇ ವಾಟ್ಸಾಪ್ ಮಾಡು, ಶನಿವಾರ ನಾನೂ ಅಂಗಡಿಗೆ ಬರ್ತೀನಿ.

ನಿನ್ನ,
ಸುಧಾ